ಸ್ಲಾಟ್ ರಾಯರು

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ತಗಡಿನ ಶೆಡ್ಡು, ಅದರೊಳಗೆ ಹಸಿರು ಮ್ಯಾಟು, ಬಾಗಿಲಲ್ಲಿ ‘ನಾನ್‌ಮಾರ್ಕಿಂಗ್ ಶೂ ಕಡ್ಡಾಯ’ ಎಂಬ ಬೋರ್ಡು ಕಂಡರೆ, ಒಳಗೊಬ್ಬ ಸ್ಲಾಟ್ ರಾಯರು ಇದ್ದೇ ಇರುತ್ತಾರೆ. ಮಂಡಿಗೆ ನೀ ಕ್ಯಾಪ್, ಕಂಕುಳಲ್ಲಿ ಶಟಲ್ ಡಬ್ಬಿ, ಕೈಯಲ್ಲಿ ರ‍್ಯಾಕೆಟ್ಟಿನ ಬದಲು ಮೊಬೈಲು. ಅವರು ಆಡುವುದು ಕಮ್ಮಿ. ಆಟ ನಡೆಯುವಂತೆ ನೋಡಿಕೊಳ್ಳುವುದು ಅವರ ಆಟ.

ನಮ್ಮ ರಾಯರು ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಆದದ್ದು ಚುನಾವಣೆಯಿಂದಲ್ಲ, ಉಳಿದವರ ಸೋಮಾರಿತನದಿಂದ. ಬುಧವಾರದ ಕೋರ್ಟು ಹಿಂದಿನ ಬುಧವಾರ ನಡುರಾತ್ರಿ ಆ್ಯಪಿನಲ್ಲಿ ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ನಾವೆಲ್ಲ ಗೊರಕೆಯಲ್ಲಿರುತ್ತೇವೆ. ರಾಯರು ಹಾಸಿಗೆಯ ತುದಿಯಲ್ಲಿ ಕೂತು ಪರದೆಯನ್ನು ಎಳೆದೆಳೆದು ಬಿಡುತ್ತಿರುತ್ತಾರೆ. ‘ಇವರಿಗೆ ರಾತ್ರಿ ಹೊತ್ತು ಯಾರ ಸಹವಾಸ ಅಂತ ಮೊದಮೊದಲು ನನಗೂ ಅನುಮಾನ ಬಂದಿತ್ತು’ ಎಂದು ಅವರ ಮನೆಯವರೇ ಒಮ್ಮೆ ಹೇಳಿ ನಕ್ಕಿದ್ದರು.

ದರದ ವಿಷಯಕ್ಕೆ ಬಂದರೆ ರಾಯರು ಪಂಚಾಂಗದವರಷ್ಟೇ ನಿಷ್ಠುರ. ನಮ್ಮ ಕೋರ್ಟಿನಲ್ಲಿ ಸಂಜೆ ಆರರವರೆಗೆ ಗಂಟೆಗೆ 300 ರೂಪಾಯಿ, ಆರು ಹೊಡೆಯಿತೋ ಪೀಕ್ ಅವರ್, 480. ಅದೇ ಮ್ಯಾಟು, ಅದೇ ದೀಪ, ಗಾಳಿ ಆಡದ ಅದೇ ಶೆಡ್ಡು. ಹೆಚ್ಚಾಗುವುದು ಆಫೀಸು ಬಿಟ್ಟು ಬಂದವರ ಬೆವರಿನ ವಾಸನೆ ಒಂದೇ. ಶುರುವಿನಲ್ಲಿ ಆ್ಯಪು ಅರ್ಧ ಗಂಟೆಗೂ ಸ್ಲಾಟ್ ಕೊಡುತ್ತಿತ್ತು, ದರ ಹಾಕುತ್ತಿದ್ದದ್ದು ಆಟ ಶುರುವಾಗುವ ಹೊತ್ತಿಗೆ. ರಾಯರ ಕಣ್ಣಿಗೆ ಇದು ಬಿದ್ದದ್ದೇ ತಡ, ಐದೂವರೆಯಿಂದ ಆರೂವರೆಗೆ ಬುಕ್ ಮಾಡಿದರು. ಶುರು ಆರಕ್ಕೆ ಮೊದಲೇ ಆದದ್ದರಿಂದ ಬಿಲ್ಲು 300. ನಾವೆಲ್ಲ ಅವರನ್ನು ಹೊತ್ತು ಮೆರೆಸುವುದೊಂದು ಬಾಕಿ.

ಮೆರವಣಿಗೆ ಹೆಚ್ಚು ದಿನ ನಡೆಯಲಿಲ್ಲ. ಕೋರ್ಟಿನ ಮಾಲೀಕರು ಒಂದು ಸಂಜೆ ರಾಯರನ್ನು ಕೌಂಟರಿಗೆ ಕರೆದರು. ‘ಹಲಸಿನ ಹಣ್ಣಿನ ನಡುವಿನ ತೊಳೆ ನೀವು ಬಿಡಿಸ್ಕೊಂಡು ಹೋಗ್ತೀರ ಸಾರ್, ಅಂಟು ನನ್ನ ಕೈಗೆ’ ಎಂದರು. ಅವರ ಲೆಕ್ಕ ತಪ್ಪಿರಲಿಲ್ಲ. ಐದರಿಂದ ಐದೂವರೆ, ಆರೂವರೆಯಿಂದ ಏಳು, ಹೀಗೆ ಎರಡು ಅರ್ಧರ್ಧ ಗಂಟೆಗಳು ಆಚೀಚೆ ಉಳಿಯುತ್ತವೆ. ಅರ್ಧ ಗಂಟೆ ಆಡಲು ಯಾರೂ ಟ್ರಾಫಿಕ್ಕಿನಲ್ಲಿ ಒದ್ದಾಡಿಕೊಂಡು ಬರುವುದಿಲ್ಲ. 780 ಹುಟ್ಟಬೇಕಾದ ಎರಡು ಗಂಟೆಯಲ್ಲಿ ಹುಟ್ಟಿದ್ದು 300. ಮರುವಾರವೇ ಆ್ಯಪಿನಿಂದ ಅರ್ಧ ಗಂಟೆಯ ಸ್ಲಾಟುಗಳು ಮಾಯವಾದವು. ಪಕ್ಕದ ಕೋರ್ಟಿನ ಗುಂಪಿನವರು ರಾಯರನ್ನು ಇಂದಿಗೂ ಓರೆಗಣ್ಣಲ್ಲೇ ನೋಡುತ್ತಾರೆ.

ಹಣ ಕಟ್ಟುವ ಘಟ್ಟದಲ್ಲಿ ರಾಯರ ಮುಖ ನೋಡಬೇಕು. ಸ್ಲಾಟ್ ಒತ್ತಿದ ಕೂಡಲೇ ಆ್ಯಪು ಅದನ್ನು ಐದು ನಿಮಿಷ ನಮಗಾಗಿ ಹಿಡಿದಿಡುತ್ತದೆ, ಪೂರ್ತಿ ದುಡ್ಡು ಮುಂಗಡ. ಅಷ್ಟರೊಳಗೆ ಬ್ಯಾಂಕಿನಿಂದ ‘ಬಂತು’ ಎಂಬ ಸುದ್ದಿ ಆ್ಯಪಿಗೆ ಮುಟ್ಟದಿದ್ದರೆ ಹಿಡಿತ ಬಿಟ್ಟು, ಸ್ಲಾಟು ಮತ್ತೆ ಸಂತೆಗೆ. ಒಮ್ಮೆ ದುಡ್ಡು ಖಾತೆಯಿಂದ ಹೋಯಿತು, ಸುದ್ದಿ ಮಾತ್ರ ದಾರಿಯಲ್ಲೇ ಕೂತಿತು. ಐದು ನಿಮಿಷ ಮುಗಿಯುತ್ತ ಬಂದರೂ ಅದು ತಲುಪಲಿಲ್ಲ. ಗುಂಪಿನಲ್ಲಿ ಹಾಹಾಕಾರ. ‘ಇನ್ನೊಂದ್ಸಲ ಹಾಕಿ ರಾಯರೇ’ ಎಂದು ನಾಲ್ವರು. ರಾಯರು ಜಗ್ಗಲಿಲ್ಲ. ಬಾಕಿ ಎಂದು ತೋರಿಸುತ್ತಿರುವಾಗ ಮತ್ತೆ ಕಟ್ಟಿದರೆ ಎರಡೂ ಹೋಗಿ ಕೂರುತ್ತವೆ, ಮೊದಲು ಬ್ಯಾಂಕಿನ ಮೆಸೇಜಿನಲ್ಲಿರುವ ವಹಿವಾಟಿನ ನಂಬರ್ ಬರೆದಿಟ್ಟುಕೊಳ್ಳಿ ಎಂದು ಉಪದೇಶ ಮಾಡಿದರು. ಅಷ್ಟರಲ್ಲಿ ಕೋರ್ಟು ಬೇರೆಯವರದ್ದಾಯಿತು. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಅವರಿಗೆ ಬಾಯಿಪಾಠ: ಯುಪಿಐಯಲ್ಲಿ ಅಂಗಡಿಯವರಿಗೆ ಕಟ್ಟಿದ ದುಡ್ಡು ಕಡಿತವಾಗಿಯೂ ಖಾತ್ರಿ ಸಿಗದಿದ್ದರೆ ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ತಾನಾಗಿಯೇ ವಾಪಸಾಗಬೇಕು, ಆಮೇಲೆ ತಡವಾದ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ದುಡ್ಡು ಮೂರನೇ ದಿನವೇ ಬಂದುಬಿಟ್ಟಿತು. ರಾಯರಿಗೆ ಅದರಿಂದಾದ ನಿರಾಶೆ ಅಷ್ಟಿಷ್ಟಲ್ಲ. ಆರನೇ ದಿನಕ್ಕೆ ದೂರಿನ ಕರಡು ತಯಾರಾಗಿತ್ತು.

ಆದರೆ ರಾಯರ ನಿಜವಾದ ಪ್ರತಿಭೆ ಕ್ಯಾನ್ಸಲ್ಲಿನಲ್ಲಿ. ನಿಯಮ ಇಷ್ಟು: ಸ್ಲಾಟಿಗೆ 24 ಗಂಟೆ ಮೊದಲು ರದ್ದು ಮಾಡಿದರೆ ಪೂರ್ತಿ ವಾಪಸ್, ಆಮೇಲೆ 12 ಗಂಟೆಯವರೆಗೆ ಅರ್ಧ, ಅದರಾಚೆ ಗೋವಿಂದ. ಬುಕಿಂಗ್ ಒಂದಕ್ಕೆ 15 ರೂಪಾಯಿಯ ಸೇವಾ ಶುಲ್ಕ ಯಾವ ಕಾಲಕ್ಕೂ ಬರುವುದಿಲ್ಲ. ನಮಗೆ ಬೇಕಾದದ್ದು ಆರರಿಂದ ಎಂಟು. ಬೇರೆಯವರಾದರೆ ಎರಡು ಗಂಟೆಯನ್ನೂ ಒಟ್ಟಿಗೆ ಬುಕ್ ಮಾಡಿ ಒಂದು ಶುಲ್ಕ ಉಳಿಸುತ್ತಾರೆ. ರಾಯರು ಬೇಕೆಂದೇ ಒಂದೊಂದು ಗಂಟೆಯ ಎರಡು ಬುಕಿಂಗ್ ಮಾಡುತ್ತಾರೆ. ಒಂದೇ ಬುಕಿಂಗ್ ಆದರೆ ಗಡಿಯಾರ ಆರರಿಂದ ಎಣಿಸುತ್ತದೆ, ರದ್ದಾದರೆ ಎರಡೂ ಒಟ್ಟಿಗೆ ಹೋಗಬೇಕು. ಬೇರೆ ಬೇರೆಯಾದರೆ ಏಳರ ಸ್ಲಾಟಿಗೆ ಅದರದ್ದೇ ಗಡಿಯಾರ. ‘ಹದಿನೈದು ರೂಪಾಯಿ ದಂಡ ಅಂದ್ಕೋಬೇಡಿ, ವಿಮೆ ಅಂದ್ಕೊಳ್ಳಿ’ ಎನ್ನುತ್ತಿದ್ದರು. ನಾವು ಅಂದುಕೊಂಡದ್ದು ಜಿಪುಣನ ವೇಷದ ದುಂದುಗಾರ ಎಂದು.

ಕಳೆದ ಬಾರಿ ಅದು ಉಪಯೋಗಕ್ಕೆ ಬಂತು. ಆರು ಜನ, ಎರಡು ಬುಕಿಂಗಿಗೆ 990, ತಲೆಗೆ 165 ಮುಂಗಡ. ಮಂಗಳವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಗುಂಪಿನ ಬ್ಯಾಂಕಿನವರು ‘ಅತ್ತೆ ಊರಿಂದ ಬಂದ್ರು, ಸಾರಿ’ ಎಂದು ಹಾಕಿದರು. ಆ ‘ಸಾರಿ’ಗೆ ಜೋತುಬಿದ್ದು ಸಾಫ್ಟ್‌ವೇರ್ ಹುಡುಗನೂ ‘ನಂಗೂ ಕಾಲ್ ಇದೆ’ ಎಂದ. ಉಳಿದ ನಾಲ್ವರ ಮಂಡಿಗಳು ಎರಡು ಗಂಟೆ ಬಿಡುವಿಲ್ಲದೆ ಆಡುವ ಸ್ಥಿತಿಯವಲ್ಲ. ಆರರ ಸ್ಲಾಟಿನ 24 ಗಂಟೆಯ ಗಡಿ ನಲವತ್ತು ನಿಮಿಷದ ಹಿಂದೆಯೇ ದಾಟಿತ್ತು. ಏಳರ ಸ್ಲಾಟಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ರಾಯರು ಮಲ್ಲೇಶ್ವರದ ಸಿಗ್ನಲ್ಲಿನಲ್ಲಿ ಸ್ಕೂಟರ್ ಬದಿಗೆ ಹಾಕಿ ಏಳರದ್ದನ್ನು ಮಾತ್ರ ರದ್ದು ಮಾಡಿದರು. 480 ಪೂರ್ತಿ ವಾಪಸ್.

ವಾಪಸ್ ಎಂದರೆ ಬ್ಯಾಂಕಿಗಲ್ಲ, ಆ್ಯಪಿನ ವ್ಯಾಲೆಟ್ಟಿಗೆ. ಅಲ್ಲಿಂದ ಅದು ಹೊರಬರುವುದು ಇನ್ನೊಂದು ಸ್ಲಾಟಾಗಿ ಮಾತ್ರ. ಅಂದು ರಾತ್ರಿ ಗುಂಪಿನಲ್ಲಿ ತೀರ್ಪು ಬಂತು: ಖರ್ಚಾದದ್ದು 510, ತಲೆಗೆ 85. ಬಾರದವರಿಗೂ ಅದು ಅನ್ವಯ, ಏಕೆಂದರೆ ಅವರು ಕೈಕೊಟ್ಟದ್ದು ಆರರ ಗಡಿ ದಾಟಿದ ಮೇಲೆ. ಬದಲಿ ಆಟಗಾರನನ್ನು ತಂದಿದ್ದರೆ ಮಾಫಿ. ಉಳಿದ 80 ತಲಾ ಜಮೆ.

‘ಹಿಂದೆಲ್ಲ ಇಷ್ಟು ರಗಳೆ ಇರ್ಲಿಲ್ಲ’ ಎಂದು ಯಾರೋ ಗೊಣಗಿದರು. ರಾಯರು ಅದಕ್ಕೂ ತಯಾರು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಚಿಕ್ಕಂದಿನಲ್ಲಿ ಆಡಿ ಬೆಳೆದದ್ದು ಇದೇ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮುಹೂರ್ತವಿದ್ದ ದಿನ ಆಟ ರದ್ದು. ‘ಅಲ್ಲೂ ಪೀಕ್ ಸೀಸನ್ ಇತ್ತು, ಯಾರಿಗೂ ರಿಫಂಡ್ ಕೊಡ್ಲಿಲ್ಲ’ ಎಂದು ಬರೆದರು.

ಬ್ಯಾಂಕಿನವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಅವರು ಅತ್ತೆಯವರು ಹೋಗುವ ತನಕ ಬರುವಂತಿಲ್ಲ, ವ್ಯಾಲೆಟ್ಟಿನ ದುಡ್ಡಿಗೋ ಮೂರು ತಿಂಗಳ ವಾಯಿದೆ.

‘ರಾಯರೇ, ನನ್ನ ಎಂಬತ್ತು ರೂಪಾಯಿ ಗೂಗಲ್ ಪೇ ಮಾಡಿಬಿಡಿ.’

‘ಅದು ನನ್ನ ಕೈಲಿಲ್ಲ ಸ್ವಾಮಿ, ಆ್ಯಪಲ್ಲಿದೆ. ಬುಧವಾರ ಬಂದು ಆಡಿ ತೀರಿಸ್ಕೊಳ್ಳಿ.’

‘ಅತ್ತೆ ಇದ್ದಾರಲ್ಲ?’

‘ಅವರನ್ನೂ ಕರ್ಕೊಂಡ್ಬನ್ನಿ, ಬದಲಿ ಆಟಗಾರರು ಅಂತ ಬರ್ಕೋತೀನಿ. ನಾನ್‌ಮಾರ್ಕಿಂಗ್ ಶೂ ಇದ್ಯಾ ಕೇಳಿ.’