ತಪ್ಪಿದಲ್ಲಿ: ಒಂದು ವಿಳಂಬಶುಲ್ಕ ಮೀಮಾಂಸೆ

ಪ್ರಸ್ತುತ ಪ್ರಬಂಧದ ಪ್ರಸ್ತಾವಿತ ವಿಷಯದ ಪ್ರಾಥಮಿಕ ಪರಿಪ್ರೇಕ್ಷ್ಯವನ್ನು ಪ್ರಾಸ್ತಾವಿಕವಾಗಿ ಪ್ರತಿಪಾದಿಸುವುದಾದರೆ, ವಿಷಯ ಇಷ್ಟೆ: ಮೈಸೂರಿನ ಒಬ್ಬ ನಿವೃತ್ತ ಶಿಕ್ಷಕಿ ನೀರು ಶುದ್ಧ ಮಾಡುವ ಯಂತ್ರದ ಬಾಡಿಗೆಯನ್ನು ನಾಲ್ಕು ದಿನ ತಡವಾಗಿ ಕಟ್ಟಿದರು. ತಿಂಗಳಿಗೆ 600 ರೂಪಾಯಿ. ಕೊನೆಯ ದಿನ 10ನೇ ತಾರೀಕು. ಮಗಳ ಮನೆಗೆ ಹೋಗಿದ್ದವರು 14ಕ್ಕೆ ವಾಪಸಾಗಿ, ಚಪ್ಪಲಿ ಬಿಟ್ಟು ಒಳಗೆ ಬಂದವರೇ ಫೋನಿನಲ್ಲಿ ದುಡ್ಡು ಕಳಿಸಿದರು. ಅಷ್ಟರಲ್ಲಿ ಕರಾರುಪತ್ರದ ಒಂಬತ್ತನೇ ಷರತ್ತು ಅವರ ಮೊಬೈಲಿಗೆ ಬಂದು ಕೂತಿತ್ತು. ಅದರ ಪೂರ್ಣಪಾಠವನ್ನು, ಪಾಠಾಂತರಗಳೇನೂ ಇಲ್ಲವಾದ್ದರಿಂದ, ಇಲ್ಲಿ ಕೊಡಲಾಗಿದೆ:

“ಸದರಿ ಗ್ರಾಹಕರು ನಿಗದಿತ ದಿನಾಂಕದೊಳಗಾಗಿ ಬಾಡಿಗೆ ಮೊತ್ತವನ್ನು ಪಾವತಿಸತಕ್ಕದ್ದು. ತಪ್ಪಿದಲ್ಲಿ ಬಾಕಿ ಮೊತ್ತದ ಮೇಲೆ ದಿನವಹಿ ಶೇ. 2ರಂತೆ ದಂಡಶುಲ್ಕ ವಿಧಿಸಲಾಗುವುದಲ್ಲದೆ, ಯಾವುದೇ ಮುನ್ಸೂಚನೆ ಇಲ್ಲದೆ ಸೇವೆಯನ್ನು ಸ್ಥಗಿತಗೊಳಿಸಲಾಗುವುದು ಹಾಗೂ ಸೂಕ್ತ ಕಾನೂನು ಕ್ರಮ ಜರುಗಿಸಲಾಗುವುದು. ಈ ಬಗ್ಗೆ ಕಂಪನಿಯ ತೀರ್ಮಾನವೇ ಅಂತಿಮ.”

ಶಿಕ್ಷಕಿ ಇದನ್ನು ಎರಡು ಸಲ ಓದಿ, ತಂಗಿಯ ಮಗನಿಗೆ ಫೋನು ಮಾಡಿದರು. “ಏನೋ ಇದು, ಮನೆ ಹತ್ರ ಯಾರಾದ್ರೂ ಬರ್ತಾರೇನೋ?” ಆ ತಂಗಿಯ ಮಗನೇ ಈ ಪ್ರಬಂಧಕಾರ. “ಯಾರೂ ಬರಲ್ಲ ದೊಡ್ಡಮ್ಮ, ಮಲಕ್ಕೊಳ್ಳಿ” ಎಂದು ಫೋನಿಟ್ಟ ಆತ, ತಾನು ಮಾತ್ರ ಮಲಗದೆ ಸಂಶೋಧನೆಗೆ ಕುಳಿತ.

ಮೊದಲಿಗೆ ವರ್ಗೀಕರಣ, ಅದಿಲ್ಲದೆ ಶಾಸ್ತ್ರವಿಲ್ಲ. ವಿಳಂಬಷರತ್ತುಗಳಲ್ಲಿ ಆರು ಪಂಥಗಳುಂಟು. ಒಂದು, ತಪ್ಪಿದಲ್ಲಿ-ಪಂಥ: ಇದರಲ್ಲಿ ಗ್ರಾಹಕ ತಪ್ಪುವುದಕ್ಕೆ ಮೊದಲೇ ತಪ್ಪಿತಸ್ಥ. ಎರಡು, ಲಾಗುವುದು-ಪಂಥ: ವಿಧಿಸಲಾಗುವುದು, ಸ್ಥಗಿತಗೊಳಿಸಲಾಗುವುದು, ಜರುಗಿಸಲಾಗುವುದು. ಎಲ್ಲವೂ ಆಗುತ್ತವೆ, ಮಾಡುವವರು ಮಾತ್ರ ಯಾರೂ ಇಲ್ಲ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಅಷ್ಟಾಗಿ ಒಗ್ಗುವುದಿಲ್ಲ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಕಲಿಸುವವರಿಗೆ ನೋಟೀಸು ಬಂದಿರಲಿಕ್ಕಿಲ್ಲ. ಕರ್ತೃವನ್ನು ವಾಕ್ಯದಿಂದ ಹೊರಗಿಟ್ಟರೆ ಫೋನು ಮಾಡಿ ಕೇಳಲು ಯಾರೂ ಉಳಿಯುವುದಿಲ್ಲ ಎಂಬುದೇ ಈ ಪಂಥದ ಪರಮಸಿದ್ಧಾಂತ. ಮೂರು, ಸೂಕ್ತ-ಪಂಥ: ಸೂಕ್ತ ಕ್ರಮ, ಸೂಕ್ತ ಸಮಯ, ಸೂಕ್ತ ಪ್ರಾಧಿಕಾರ. ನಾಲ್ಕನೆಯದು... ಇರಲಿ, ಉಳಿದ ಮೂರೂ ಇವೇ ಮೂರರ ಬೆರಕೆ.

ರಸದ ದೃಷ್ಟಿಯಿಂದ ನೋಡಿದರೆ ಈ ಷರತ್ತಿನದು ಭಯಾನಕ ರಸ. ಸ್ಥಾಯೀಭಾವ ಭಯ, ಆಲಂಬನ ಕಂಪನಿ, ಉದ್ದೀಪನ ರಾತ್ರಿ ಒಂಬತ್ತೂವರೆಗೆ ಬರುವ ಮೆಸೇಜು, ಅನುಭಾವ ದೊಡ್ಡಮ್ಮನ ರಕ್ತದೊತ್ತಡ. ವಾಚ್ಯಾರ್ಥದಲ್ಲಿ ಇದು ಬಾಡಿಗೆಯ ಮಾತು. ಧ್ವನಿಯಲ್ಲಿ ‘ನಿನ್ನನ್ನು ನೋಡಿಕೊಳ್ಳುತ್ತೇವೆ’. ಧ್ವನಿಯೇ ಕಾವ್ಯದ ಆತ್ಮ ಎಂದ ಆನಂದವರ್ಧನನಿಗೆ ತನ್ನ ಸಿದ್ಧಾಂತ ಒಂದು ದಿನ ನೀರಿನ ಫಿಲ್ಟರಿನ ಕರಾರುಪತ್ರಕ್ಕೂ ಒದಗೀತೆಂದು ಗೊತ್ತಿರಲಿಲ್ಲ.

ಕನ್ನಡ ನಾಡಿಗೆ ಈ ಪ್ರಕಾರವೇನೂ ಹೊಸತಲ್ಲ ಎಂದು ವಾದಿಸುವವರಿದ್ದಾರೆ. ದಾನಶಾಸನಗಳ ಕೊನೆಯಲ್ಲಿ ಶಾಪಾಶಯವಿರುತ್ತದೆ: ಈ ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಗಲುತ್ತದೆ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ಆದರೆ ಹೋಲಿಸಿ ನೋಡಿದಾಗ ನಾಚಿಕೆಯಾಗುವುದು ಕಂಪನಿಗೇ. ಶಾಸನದಲ್ಲಿ ಯಾವ ತಪ್ಪಿಗೆ ಶಿಕ್ಷೆ ಎಂಬುದು ಸ್ಪಷ್ಟ, ಶಿಕ್ಷೆ ಏನೆಂಬುದು ಸ್ಪಷ್ಟ, ಅವಧಿ ಕೂಡ ಗೊತ್ತುಮಾಡಿದೆ. ಅರವತ್ತು ಸಾವಿರ ವರ್ಷ ಕಳೆದ ಮೇಲೆ ಹುಳುವಿಗೆ ಬಿಡುಗಡೆ ಉಂಟು. ಒಂಬತ್ತನೇ ಷರತ್ತಿನಲ್ಲಿ ಮಿತಿಯೇ ಇಲ್ಲ.

ಮಿತಿ ಇಲ್ಲ ಎಂಬುದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು. ದಿನಕ್ಕೆ ಶೇ. 2 ಎಂದರೆ 600ಕ್ಕೆ 12 ರೂಪಾಯಿ. ನಾಲ್ಕು ದಿನಕ್ಕೆ 48. ಆದರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ದಂಡಶುಲ್ಕದ ಸಾಲಿನಲ್ಲಿ, ತೆರಿಗೆಗೆ ಮೊದಲೇ, 49 ರೂಪಾಯಿ 46 ಪೈಸೆ ಇತ್ತು. ಹೆಚ್ಚಿಗೆ ಬಂದ 1 ರೂಪಾಯಿ 46 ಪೈಸೆಯೇ ಇಡೀ ಷರತ್ತಿನ ಗುಟ್ಟು. ‘ಬಾಕಿ ಮೊತ್ತ’ ಎಂಬ ಎರಡು ಪದಗಳಿಗೆ ಕಂಪನಿಯ ಕಂಪ್ಯೂಟರು ಹೀಗೆ ಅರ್ಥ ಹೇಳಿತ್ತು: ನಿನ್ನೆಯ ದಂಡವೂ ಇವತ್ತಿನ ಬಾಕಿ. ಅಂದರೆ ಚಕ್ರಬಡ್ಡಿ. ಎರಡನೇ ದಿನ 612ರ ಮೇಲೆ, ಮೂರನೇ ದಿನ 624 ರೂಪಾಯಿ 24 ಪೈಸೆಯ ಮೇಲೆ. ಈ ಲೆಕ್ಕದಲ್ಲಿ 36ನೇ ದಿನಕ್ಕೆ ಬಾಕಿ ದುಪ್ಪಟ್ಟಾಗುತ್ತದೆ. ಒಂದು ವರ್ಷ ಮರೆತರೆ ಆರುನೂರು ರೂಪಾಯಿ ಎಂಟು ಲಕ್ಷ ಇಪ್ಪತ್ತಾರು ಸಾವಿರ ದಾಟುತ್ತದೆ. ಯಂತ್ರದ ಬದಲು ಕಾರು ಬಾಡಿಗೆಗೆ ತಂದಿದ್ದರೂ ಇಷ್ಟಾಗುತ್ತಿರಲಿಲ್ಲ.

ಇಲ್ಲಿಗೆ ಬಂದಾಗ ಪ್ರಬಂಧಕಾರನಿಗೆ ಶಾಸ್ತ್ರದ ಧಾಟಿ ಸಾಕಾಯಿತು.

ಯಾಕೆಂದರೆ ಇಷ್ಟೆಲ್ಲ ಅಬ್ಬರ ಕಾನೂನಿನ ಮುಂದೆ ನಿಲ್ಲುವುದೇ ಕಷ್ಟ. 1872ರ ಭಾರತೀಯ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದವರು ಇಷ್ಟು ಕೊಡಬೇಕೆಂದು ಮೊದಲೇ ಬರೆದುಕೊಂಡಿದ್ದರೂ ನ್ಯಾಯಾಲಯ ಕೊಡಿಸುವುದು ನ್ಯಾಯವೆನಿಸುವಷ್ಟು ಪರಿಹಾರವನ್ನು ಮಾತ್ರ. ಬರೆದ ಮೊತ್ತ ಅದಕ್ಕೆ ಮೇಲ್ಮಿತಿ, ಅಷ್ಟೆ. 1963ರಲ್ಲಿ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಗಿ, ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡ ಹೇರುವ ಕರಾರನ್ನು ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸಿದೆ. ಸಾಲದ ಕಂತು ತಪ್ಪಿಸಿದವರ ಮೇಲೂ ಬ್ಯಾಂಕುಗಳು ದಂಡದ ಬಡ್ಡಿ ಹಾಕಬಾರದು, ದಂಡಶುಲ್ಕ ಮಾತ್ರ ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಸಬಾರದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ನೀರಿನ ಫಿಲ್ಟರಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಲಕ್ಷಗಟ್ಟಲೆ ಸಾಲಕ್ಕೆ ಇಲ್ಲದ ಚಕ್ರ ಆರುನೂರು ರೂಪಾಯಿಗೆ ಯಾಕೆ?

ಉತ್ತರ ಎಲ್ಲರಿಗೂ ಗೊತ್ತು. ಇಂಥ ಷರತ್ತನ್ನು ಯಾರೂ ಕೋರ್ಟಿನಲ್ಲಿ ಗೆಲ್ಲಲು ಬರೆಯುವುದಿಲ್ಲ. ಓದಿದವರು ಹೆದರಿ ಕಟ್ಟಲಿ ಎಂದು ಬರೆಯುತ್ತಾರೆ. ಬೇಕೆಂದೇ ಟೋಪಿ ಹಾಕುವವನು ‘ಸೂಕ್ತ ಕಾನೂನು ಕ್ರಮ’ಕ್ಕೆ ಹೆದರುವುದಿಲ್ಲ, ಅಂಥ ಹತ್ತು ನೋಟೀಸು ಅವನ ಫೋನಿನಲ್ಲಿ ಕೊಳೆಯುತ್ತಿರುತ್ತವೆ. ಹೆದರುವವರು ನಲವತ್ತು ವರ್ಷ ಯಾರಿಗೂ ಒಂದು ರೂಪಾಯಿ ಬಾಕಿ ಇಡದೆ ಬದುಕಿ, ಮೊದಲ ಸಲ ನಾಲ್ಕು ದಿನ ತಡ ಮಾಡಿದವರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಹಾಗಾದರೆ ಸೌಮ್ಯವಾಗಿ ಬರೆದರೆ ಯಾರು ಕಟ್ಟುತ್ತಾರೆ? ಪ್ರಬಂಧಕಾರ ಕಂಪನಿಗೆ ಫೋನು ಮಾಡಿ ಷರತ್ತನ್ನು ತಿದ್ದಿ ಎಂದಾಗ, ಅವರು ಎರಡೇ ದಿನದಲ್ಲಿ ತಿದ್ದಿಯೂ ಬಿಟ್ಟರು: “ಪ್ರಿಯ ಗ್ರಾಹಕರೇ, ನಿಮ್ಮ ಆರೋಗ್ಯವೇ ನಮ್ಮ ಭಾಗ್ಯ! ಸಕಾಲಕ್ಕೆ ಪಾವತಿಸಿ, ಅನಗತ್ಯ ಶುಲ್ಕಗಳಿಂದ ದೂರವಿರಿ!” ಕೆಳಗೊಂದು ನಗುಮುಖ. ಎಷ್ಟು ಶುಲ್ಕ, ಯಾವತ್ತಿನಿಂದ, ಎಲ್ಲಿಗೆ ನಿಲ್ಲುತ್ತದೆ, ಒಂದೂ ಇಲ್ಲ. ಗದರಿಸುವಾಗ ಶೇ. 2 ಎಂದಾದರೂ ಇತ್ತು. ನಗುವಾಗ ಅದೂ ಹೋಯಿತು. ಹೆದರಿಸದೆ ಹೇಳುವುದೆಂದರೆ ಬೆಲ್ಲ ಹಚ್ಚುವುದು ಎಂದು ಅವರು ತಿಳಿದಂತಿತ್ತು.

ಹೀಗಾಗಿ ಆತ ತಾನೇ ಬರೆಯಲು ಕುಳಿತ. ಮೊದಲು ತಡವಾದರೆ ಕಂಪನಿಗೆ ನಿಜವಾಗಿ ಆಗುವ ನಷ್ಟ ಎಷ್ಟೆಂದು ನೋಡಿದ. ವರ್ಷಕ್ಕೆ ಶೇ. 18ರಂತೆ ಧಾರಾಳವಾಗಿ ಹಿಡಿದರೂ 600 ರೂಪಾಯಿಗೆ ತಿಂಗಳ ಬಡ್ಡಿ 9 ರೂಪಾಯಿ. ಒಂದು ಮೆಸೇಜು, ಒಂದು ಫೋನು, ಅದನ್ನು ಮಾಡುವ ಹುಡುಗಿಯ ಹತ್ತು ನಿಮಿಷ. ಎಲ್ಲ ಸೇರಿಸಿ 30 ರೂಪಾಯಿಗೆ ಯಾರೂ ತಕರಾರು ಮಾಡಲಾರರು. ಆಮೇಲೆ ‘10ರೊಳಗೆ’ ಎಂಬುದು ಸಿಕ್ಕಿಹಾಕಿಕೊಂಡಿತು: 10 ಒಳಗೋ ಹೊರಗೋ? ‘ದಂಡ’ವನ್ನು ಕೈಬಿಟ್ಟ. ಪರೀಕ್ಷೆ ಶುಲ್ಕದ ಸುತ್ತೋಲೆಗಳಲ್ಲಿ ‘ದಂಡ ಸಹಿತ’ ಎಂದು ಓದಿ ಬೆಳೆದವರಿಗೆ ಆ ಪದದ ಜೊತೆ ಬೆತ್ತವೂ ಕಾಣುತ್ತದೆ. ತಡ ಶುಲ್ಕಕ್ಕೂ ಮೂಲ ಸೇವೆಯ ದರದಲ್ಲೇ ಜಿಎಸ್‌ಟಿ ಬೀಳುವುದರಿಂದ, ಕೊಡುವವರಿಗೆ ಕೊನೆಯ ಮೊತ್ತವನ್ನೇ ಹೇಳಿಬಿಡುವುದು ಮೇಲು ಅನ್ನಿಸಿತು. ಸೇವೆ ನಿಲ್ಲಿಸುವ ಮಾತನ್ನು ಮಾತ್ರ ತೆಗೆಯಲಿಲ್ಲ. ನಿಜವಾಗಿ ಮಾಡುವುದನ್ನು ಮುಚ್ಚಿಟ್ಟರೆ ಅದು ಇನ್ನೊಂದು ಬಗೆಯ ಮೋಸ.

ಮೂರು ಸಲ ಹೊಡೆದುಹಾಕಿದ ಮೇಲೆ ಉಳಿದದ್ದು ಇದು:

“ಬಾಡಿಗೆ ತಿಂಗಳಿಗೆ 600 ರೂಪಾಯಿ. 10ನೇ ತಾರೀಕು ರಾತ್ರಿ 12 ಗಂಟೆಯವರೆಗೆ ಕೊಡಬಹುದು. ನೀವು ಹಣ ಕಳಿಸಿದ ಹೊತ್ತೇ ಲೆಕ್ಕ, ನಮಗೆ ತಲುಪಿದ್ದಲ್ಲ. ಮರೆತರೆ 11ರಂದು ನಾವು ನೆನಪಿಸುತ್ತೇವೆ. 15ರ ರಾತ್ರಿಯವರೆಗೂ ಹೆಚ್ಚಿಗೆ ಏನೂ ಇಲ್ಲ. 16ರಿಂದ 30 ರೂಪಾಯಿ ತಡ ಶುಲ್ಕ ಸೇರುತ್ತದೆ, ತೆರಿಗೆ ಅದರಲ್ಲೇ ಇದೆ. ಒಂದು ತಿಂಗಳ ಬಾಡಿಗೆಗೆ ಒಂದೇ ಸಲ. ದಿನ ಕಳೆದಂತೆ ಬೆಳೆಯುವುದಿಲ್ಲ. ಉದಾಹರಣೆಗೆ, 14ರಂದು ಕೊಟ್ಟರೆ 600, 20ರಂದು ಕೊಟ್ಟರೆ 630, 30ರಂದು ಕೊಟ್ಟರೂ 630. ಬಿಲ್ಲೇ ತಪ್ಪು ಅನ್ನಿಸಿದರೆ ತಿಳಿಸಿ; ಅದು ಇತ್ಯರ್ಥವಾಗುವವರೆಗೆ ತಡ ಶುಲ್ಕ ಹಾಕುವುದಿಲ್ಲ. ಎರಡು ತಿಂಗಳ ಬಾಡಿಗೆ ಬಾಕಿ ಉಳಿದರೆ, ಏಳು ದಿನ ಮೊದಲೇ ತಿಳಿಸಿ, ಯಂತ್ರವನ್ನು ವಾಪಸ್ ಒಯ್ಯುತ್ತೇವೆ.”

ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ದೊಡ್ಡಮ್ಮ ತರಗತಿಯಲ್ಲಿ ಕೇಳುತ್ತಿದ್ದ ದನಿಯಲ್ಲೇ ಕೇಳಿದರು: “ಸರಿ. ಹೋದ ಮಾರ್ಚಿನಲ್ಲಿ ಕ್ಯಾಂಡಲ್ ಬದಲಾಯಿಸೋಕೆ ಇಪ್ಪತ್ತು ದಿನ ತಡವಾಗಿ ಬಂದ್ರಲ್ಲ, ಅದಕ್ಕೆ?”

ಮೀಮಾಂಸಕನ ಬಳಿ ಉತ್ತರವಿರಲಿಲ್ಲ. ಕರಾರಿನ ಹದಿನಾಲ್ಕು ಷರತ್ತುಗಳಲ್ಲಿ ಕಂಪನಿ ತಡ ಮಾಡಿದರೆ ಏನು ಎಂಬುದು ಒಂದರಲ್ಲೂ ಇಲ್ಲ. ಸರ್ಕಾರವೇ ವಾಸಿ. ಕರ್ನಾಟಕದ 2011ರ ಸಕಾಲ ಕಾಯಿದೆಯಲ್ಲಿ, ಗೊತ್ತುಮಾಡಿದ ದಿನದೊಳಗೆ ಸೇವೆ ಸಿಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕುಂಟು. ಯಾರು ಕೊಡಬೇಕು, ಎಷ್ಟು, ಎಲ್ಲಿಗೆ ನಿಲ್ಲುತ್ತದೆ ಎಲ್ಲವೂ ಅದರಲ್ಲಿದೆ. ಎಷ್ಟು ಜನ ಕೇಳಿ ಪಡೆಯುತ್ತಾರೆ ಎಂಬುದು ಬೇರೆ ಮಾತು. ಆತ ತನ್ನ ಕರಡಿಗೆ ಇನ್ನೊಂದು ಸಾಲು ಸೇರಿಸಿದ: “ನಾವು ಹೇಳಿದ ದಿನ ದುರಸ್ತಿಗೆ ಬಾರದಿದ್ದರೆ, ತಡವಾದ ಪ್ರತಿ ದಿನಕ್ಕೆ ನಿಮ್ಮ ಬಾಡಿಗೆಯಲ್ಲಿ 20 ರೂಪಾಯಿ ಕಡಿಮೆ ಮಾಡುತ್ತೇವೆ.” ಇಪ್ಪತ್ತು ದಿನಕ್ಕೆ ನಾನೂರು. ಎಲ್ಲವನ್ನೂ ಸೇರಿಸಿ ಕಂಪನಿಗೆ ಕಳಿಸಿದ.

ಉತ್ತರ ಮೂರು ವಾರದ ಮೇಲೆ ಬಂತು: “ಸದರಿ ಸಲಹೆಯನ್ನು ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು.” ಎರಡನೇ ಮತ್ತು ಮೂರನೇ ಪಂಥಗಳು ಒಂದೇ ವಾಕ್ಯದಲ್ಲಿ.

ದೊಡ್ಡಮ್ಮ ಈಗ ಪಿಂಚಣಿ ಬಂದ ದಿನವೇ, ಮಾತ್ರೆ ತರಿಸುವುದಕ್ಕೂ ಮೊದಲು, ಆರುನೂರು ಕಟ್ಟಿಬಿಡುತ್ತಾರೆ. ಕಟ್ಟಿದ ಮೇಲೆ ರಸೀದಿಯ ಚಿತ್ರ ತೆಗೆದು ತಂಗಿಯ ಮಗನಿಗೂ ಒಂದು ಕಳಿಸುತ್ತಾರೆ.