‘ನಾಳೆ ಹಾಕಿಸ್ತೀನಿ’ ಯಜಮಾನರಿಗೆ

ಬೆಂಗಳೂರು
15 ಸೆಪ್ಟೆಂಬರ್ 2025

ಮಾನ್ಯ ಯಜಮಾನರೇ,

ಉಭಯಕುಶಲೋಪರಿ. ತಮ್ಮ ಆರೋಗ್ಯ, ಆಯುಸ್ಸು, ವ್ಯಾಪಾರ ಇವುಗಳ ಬಗ್ಗೆ ನನ್ನಷ್ಟು ಚಿಂತೆ ಮಾಡುವವರು ಈ ಊರಿನಲ್ಲಿ ಇನ್ನೊಬ್ಬರು ಇರಲಾರರು. ತಮ್ಮಿಂದ 34,000 ರೂಪಾಯಿ ಬರಬೇಕಾದವನ ಹಾರೈಕೆ ಇದು, ಬಾಯಿಮಾತಿನದಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ತಾವು ದುಡ್ಡು ಕೊಡುವುದಿಲ್ಲ ಎಂದು ಒಂದು ದಿನವೂ ಅಂದವರಲ್ಲ. ಜಗಳ ಆಡಿ ಫೋನ್ ಇಡುವ ಗಿರಾಕಿಯ ಹತ್ತಿರ ನಾನೂ ಎರಡು ಮಾತಾಡಿ ಹಗುರಾಗಬಹುದು. ತಾವು ಹಾಗಲ್ಲ. ಆಫೀಸಿಗೆ ಬಂದರೆ ಹುಡುಗನನ್ನು ಕರೆದು, ‘ಲೋ, ಸರ್‌ಗೆ ಸ್ಟ್ರಾಂಗಾಗಿ ಒಂದು ಕಾಫಿ, ಸಕ್ಕರೆ ಕಮ್ಮಿ’ ಎನ್ನುತ್ತೀರಿ. ನನ್ನ ಸಕ್ಕರೆಯ ಲೆಕ್ಕ ನಿಮಗೆ ಬಾಯಿಪಾಠ, ನನ್ನ ಬಿಲ್ಲಿನ ಲೆಕ್ಕ ಮಾತ್ರ ಪ್ರತಿಸಲವೂ ಹೊಸದು. ‘ಎಷ್ಟಿತ್ತು ಸ್ವಾಮಿ ನಿಮ್ದು?’ ಎಂದು ಕೇಳಿ, ಹೇಳಿದ ಮೇಲೆ ‘ಅಷ್ಟೇನಾ!’ ಎಂದು ನಗುತ್ತೀರಿ. ಅಷ್ಟೇ ಆಗಿದ್ದಕ್ಕೆ ನನಗೇ ನಾಚಿಕೆಯಾಗಿ ಎದ್ದು ಬರುತ್ತೇನೆ.

ಹೊರಡುವಾಗ ಬಾಗಿಲವರೆಗೆ ಬಂದು, ಹೆಗಲ ಮೇಲೆ ಕೈಹಾಕಿ, ‘ನೀವೇನು ಹೊರಗಿನವರಾ? ಮನೆಯವರಿದ್ದ ಹಾಗೆ’ ಎನ್ನುತ್ತೀರಿ. ನನ್ನ ಕಷ್ಟ ಶುರುವಾಗುವುದೇ ಅಲ್ಲಿ. ನಾನು ಡಿಸೈನ್ ಮಾಡಿದ ಚಟ್ನಿಪುಡಿ ಪೌಚ್ ಪ್ರಿಂಟ್ ಮಾಡುವವರು ಹೊರಗಿನವರು. ಅಡ್ವಾನ್ಸ್ ಬೀಳದೆ ಅವರು ಸಿಲಿಂಡರ್ ಮುಟ್ಟಲಿಲ್ಲ, ನೀವು ಅದೇ ದಿನ ಕೊಟ್ಟಿರಿ. ಕರೆಂಟಿನವರು ಹೊರಗಿನವರು, ಫ್ಯೂಸ್ ಕೀಳುತ್ತಾರೆ, ಅವರಿಗೂ ಕೊಟ್ಟಿರಿ. ಮನೆಯವರಿಗೆ ಮಾತ್ರ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ದಯವಿಟ್ಟು ನನ್ನನ್ನು ಒಂದು ದಿನದ ಮಟ್ಟಿಗೆ ಹೊರಗೆ ಹಾಕಿ.

ಪಂಚಾಂಗವನ್ನು ನಾನು ಕಲಿತದ್ದು ತಮ್ಮಿಂದಲೇ. ಜುಲೈನಲ್ಲಿ ಕೇಳಿದೆ, ‘ಆಷಾಢ ಸ್ವಾಮಿ, ಒಳ್ಳೇ ಕೆಲಸ ಯಾವುದೂ ಮಾಡಲ್ಲ’ ಎಂದಿರಿ. ಬಾಕಿ ತೀರಿಸುವುದನ್ನು ಒಳ್ಳೆಯ ಕೆಲಸದ ಪಟ್ಟಿಗೆ ಸೇರಿಸಿದಿರಲ್ಲ, ಅದೇ ಸಮಾಧಾನ. ಶ್ರಾವಣ ಬಂತು. ವರಮಹಾಲಕ್ಷ್ಮಿಯ ದಿನ ಕೇಳಿದರೆ, ‘ಲಕ್ಷ್ಮೀನ ಮನೆಗೆ ಕರೆಯೋ ದಿನ ಯಾರಾದರೂ ಹೊರಗೆ ಕಳಿಸ್ತಾರಾ?’ ಎಂದಿರಿ. ಅವಳು ನಮ್ಮ ಮನೆಗೂ ಬರಲೆಂದು ನಾವೂ ಕಲಶ ಇಟ್ಟಿದ್ದೆವು. ಗಣೇಶನ ಹಬ್ಬಕ್ಕೆ ಅಕೌಂಟ್ಸ್ ಹುಡುಗಿ ಊರಿಗೆ ಹೋದಳು. ಈಗ ಪಿತೃಪಕ್ಷ. ಹಿರಿಯರ ಋಣ ತೀರಿಸಲೆಂದೇ ಇರುವ ಈ ಹದಿನೈದು ದಿನದಲ್ಲಿ ಕಿರಿಯನೊಬ್ಬನ ಋಣ ತೀರಿದರೆ ಯಾವ ಶಾಸ್ತ್ರವೂ ಅಡ್ಡ ಬರಲಾರದು ಎಂದು ನಮ್ಮ ಪುರೋಹಿತರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕೆಲಸದಲ್ಲಿ ಏನಾದರೂ ಕೊರತೆ ಇತ್ತೇ? ಆರು ಬಗೆಯ ಚಟ್ನಿಪುಡಿಗೆ ಆರು ಪೌಚ್. ಶೇಂಗಾ ಚಟ್ನಿಪುಡಿಯ ಕೆಂಪು ‘ಇನ್ನೂ ಸ್ವಲ್ಪ ಖಾರ ಕಾಣಬೇಕು’ ಎಂದಿರಿ, ಕಾಣಿಸಿದೆ. ಲೋಗೋ ದೊಡ್ಡದು ಮಾಡಿ ಎಂದಿರಿ, ಮಾಡಿದೆ. ನಿವ್ವಳ ತೂಕ, ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರಿಗೆ ಜಾಗ ಸಾಲದೆ ಹೋದಾಗ ‘ಅದನ್ನ ತೆಗೆದುಬಿಡಿ’ ಎಂದಿರಿ. ತೆಗೆದರೆ ಮಾಲನ್ನು ಅಂಗಡಿಗೇ ಬಿಡುವಂತಿಲ್ಲ ಎಂದು ಒಪ್ಪಿಸಿ, ಲೋಗೋವನ್ನೇ ಮತ್ತೆ ಹಳೆಯ ಅಳತೆಗೆ ತಂದೆ. ಫೈನಲ್ ಆದ ಮೇಲೆ `final_OK_last_7.ai` ಎಂಬ ಓಪನ್ ಫೈಲನ್ನೂ ಕೇಳಿದಿರಿ; ಮನೆಯವನಲ್ಲವೇ, ಅದನ್ನೂ ಕಳಿಸಿದೆ. ಮೊನ್ನೆ ನಮ್ಮ ಬೀದಿಯ ಅಂಗಡಿಯಲ್ಲಿ ಆ ಪೌಚ್ ನೇತಾಡುತ್ತಿತ್ತು. ಹೆಮ್ಮೆಯಿಂದ ಒಂದು ಕೊಂಡೆ. ಅಂಗಡಿಯವನು ಫೋನಿನಲ್ಲಿ ಹಣ ಬಂದ ಸದ್ದು ಕೇಳುವವರೆಗೆ ಪೌಚಿನಿಂದ ಕೈ ತೆಗೆಯಲಿಲ್ಲ. ಅವನಿಗೆ ಯಾರೂ ‘ಮನೆಯವರು’ ಎಂದು ಹೇಳಿಲ್ಲವೆಂದು ಕಾಣುತ್ತದೆ.

ಈಗ ಲೆಕ್ಕಕ್ಕೆ ಬರೋಣ. ‘ನಿಮ್ಮ ಬಿಲ್ ಅಕೌಂಟ್ಸ್‌ಗೆ ಬಂದೇ ಇಲ್ಲ’ ಎಂದು ಕಳೆದ ವಾರ ಹೇಳಿಕಳಿಸಿದಿರಿ. ಬಿಲ್ ಮೇ 5ರದು, ಮೊತ್ತ 60,000. ಏಪ್ರಿಲ್‌ನಲ್ಲಿ ಕೊಟ್ಟ ಅಡ್ವಾನ್ಸ್ 20,000. ‘ಬಂದೇ ಇಲ್ಲ’ ಎಂಬ ಮಾತು ಕೇಳಿದ ರಾತ್ರಿ ನಿದ್ದೆ ಬಾರದೆ ಆದಾಯ ತೆರಿಗೆಯ ಪೋರ್ಟಲ್ ತೆರೆದು ನನ್ನ 26ಎಎಸ್ ನೋಡಿದೆ. ಅಲ್ಲಿ ತಮ್ಮ ಕಂಪನಿಯ ಹೆಸರು ದುಂಡಗೆ ಕೂತಿದೆ: ಮೇ 5, ಜಮಾ ಆದದ್ದು 60,000, ಕಡಿತವಾದ ತೆರಿಗೆ 6,000.

ಇದರ ಗುಟ್ಟು ನಿಮ್ಮ ಆಡಿಟರಿಗೆ ಗೊತ್ತು. ವೃತ್ತಿಪರ ಶುಲ್ಕ ವರ್ಷಕ್ಕೆ 50,000 ದಾಟಿದರೆ ನೂರಕ್ಕೆ ಹತ್ತು ಟಿಡಿಎಸ್ ಹಿಡಿಯಬೇಕು. ಹಿಡಿಯುವುದು ಹಣ ಕೊಟ್ಟಾಗ ಅಥವಾ ಖಾತೆಯಲ್ಲಿ ಬರೆದಾಗ, ಯಾವುದು ಮೊದಲೋ ಆಗ. ನೀವು ಕೊಟ್ಟಿಲ್ಲ, ಆದರೆ ಬರೆದಿದ್ದೀರಿ. ಅಂದರೆ ನನ್ನ ಬಿಲ್ ಅಕೌಂಟ್ಸ್‌ಗೆ ಬಂದಿದೆ, ಪುಸ್ತಕ ಹತ್ತಿದೆ, ಅದರ ಹತ್ತರಲ್ಲಿ ಒಂದು ಪಾಲು ದೆಹಲಿಗೂ ಹೋಗಿ ಸೇರಿದೆ. ಬರಬೇಕಾದ ಜಾಗಕ್ಕೆ ಮಾತ್ರ ಬಂದಿಲ್ಲ. ನನ್ನ ದುಡಿಮೆಯ ಪಾಲನ್ನು ನನಗಿಂತ ಮೊದಲು ಸರ್ಕಾರಕ್ಕೆ ಸಲ್ಲಿಸಿದ ತಮ್ಮ ದೇಶಭಕ್ತಿ ದೊಡ್ಡದು. ನನ್ನ ಬಾಕಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ವಕೀಲರೂ ಹುಡುಕಿಕೊಡಲಾರರು. ತಾವೇ ಬರೆದು, ತಾವೇ ಸರ್ಕಾರಕ್ಕೆ ಒಪ್ಪಿಸಿದ್ದೀರಿ. 60,000ದಲ್ಲಿ ಅಡ್ವಾನ್ಸ್ 20,000, ಟಿಡಿಎಸ್ 6,000 ಕಳೆದರೆ ನನಗೆ ಬರಬೇಕಾದದ್ದು 34,000.

ಇನ್ನೊಂದು ಸಣ್ಣ ವಿಷಯ. ಬಿಲ್ಲಿನ ಮೂಲೆಯಲ್ಲಿ ಉದ್ಯಮ್ ನೋಂದಣಿ ನಂಬರ್ ಇದೆ. ಅದನ್ನು ಡಿಸೈನ್ ಎಂದುಕೊಂಡಿರಬಹುದು, ಅಲ್ಲ. 2006ರ ಎಂಎಸ್‌ಎಂಇಡಿ ಕಾಯಿದೆಯ ಪ್ರಕಾರ ನನ್ನಂಥ ಕಿರು ಉದ್ಯಮಕ್ಕೆ ಒಪ್ಪಿಕೊಂಡ ಗಡುವಿನೊಳಗೆ ಹಣ ಕೊಡಬೇಕು. ಆ ಗಡುವೂ 45 ದಿನ ಮೀರುವಂತಿಲ್ಲ. ನೀವು ಸಹಿ ಹಾಕಿದ ಕೊಟೇಶನ್ನಿನಲ್ಲಿ ಇದ್ದದ್ದು 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಈ ಸೆಪ್ಟೆಂಬರಿನ ದರ 5.75; ಮೂರರಿಂದ ಗುಣಿಸಿದರೆ 17.25. ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ ಎರಡು ಸಾವಿರ ಆಗುತ್ತದೆ. ಆ ಬಡ್ಡಿಯನ್ನು ತೆರಿಗೆಯ ಲೆಕ್ಕದಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ಬಾಕಿಯೇ ಮಾರ್ಚ್ 31 ದಾಟಿದರೆ ಅದೂ ಈ ವರ್ಷದ ಖರ್ಚಿಗೆ ಸೇರುವುದಿಲ್ಲ. ನನ್ನ ಮಾತು ಬೇಡ, ಆಡಿಟರನ್ನು ಕೇಳಿ. ನಾನು ಫೋನ್ ಮಾಡಿದರೆ ನೀವು ಕಾಫಿ ತರಿಸುತ್ತೀರಿ, ಅವರು ಮಾಡಿದರೆ ಚೆಕ್‌ಬುಕ್ ತರಿಸುತ್ತೀರಿ.

ಆದ್ದರಿಂದ ಇದೇ 22ರಂದು, ನವರಾತ್ರಿಯ ಮೊದಲ ದಿನ, ಸಂಜೆಯೊಳಗೆ 34,000 ನನ್ನ ಖಾತೆಗೆ ಬಂದರೆ ಬಡ್ಡಿ ಬಿಟ್ಟೆ. ಬಾರದಿದ್ದರೆ ಮರುದಿನ ಬಡ್ಡಿ ಸಮೇತ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ. ಕೊಟೇಶನ್, ಬಿಲ್, ‘ಸೂಪರ್ ಬಂದಿದೆ’ ಎಂದು ತಾವು ಕಳಿಸಿದ ವಾಟ್ಸಾಪ್, 26ಎಎಸ್ ನಾಲ್ಕನ್ನೂ ಒಂದೇ ಪಿಡಿಎಫ್ ಮಾಡಿ ಇಟ್ಟಿದ್ದೇನೆ. ಲೇಔಟ್ ಚೆನ್ನಾಗಿ ಬಂದಿದೆ.

ಇಂತಿ ತಮ್ಮ ವಿಶ್ವಾಸಿ,
ಡಿಸೈನರ್

ತಾ.ಕ.: ದೀಪಾವಳಿ ಗಿಫ್ಟ್ ಬಾಕ್ಸಿಗೆ ‘ಎರಡು ನಿಮಿಷದ ಕೆಲಸ’ ಇದೆ ಎಂದಿದ್ದಿರಿ. ಮಾಡಿಕೊಡುತ್ತೇನೆ. ಅಡ್ವಾನ್ಸ್ ನೂರಕ್ಕೆ ನೂರು. ಹಣ ಬಂದ ಎರಡು ನಿಮಿಷಕ್ಕೆ ಶುರು.