ಕೈಮುಗಿದು ಕತ್ತಿನಪಟ್ಟಿ

ನಮ್ಮ ಪ್ರೆಸ್ಸಿನ ಲೆಕ್ಕ ನೋಡುವ ಶ್ರೀಧರಣ್ಣ ಬಾಕಿ ವಸೂಲಿಗೆ ಬರೆದ ಮೇಲ್ ಇದು: "ಕೈಂಡ್ಲಿ ಡು ದ ಪೇಮೆಂಟ್ ಅಂಡ್ ಒಬ್ಲೈಜ್." ಶುರುವಿನಲ್ಲಿ ಕೈಮುಗಿದು, ಮರುಕ್ಷಣವೇ ಕತ್ತಿನಪಟ್ಟಿ ಹಿಡಿದಂತಿದೆ.

"ಕೈಂಡ್ಲಿ ತೆಗೆದು ಪ್ಲೀಸ್ ಹಾಕ್ಲಾ ಸಾರ್?" ಎಂದರು. ಹಾಕಿದರೂ ಅದು ಆಜ್ಞೆಯೇ. "ಯು ಶುಡ್ ಪೇ" ಅಂದರೆ ಹೆಡ್‌ಮೇಷ್ಟ್ರು ಗದರಿದ ಹಾಗೆ. "ಯು ಮಸ್ಟ್" ವಕೀಲರ ನೋಟಿಸಿಗೇ ಇರಲಿ. "ಕುಡ್ ಯು ಪೇ ಸೂನ್?" ಎಂದರೆ ಮರ್ಯಾದೆಯೇನೋ ಸರಿ, ಆದರೆ "ಶ್ಯೂರ್" ಎಂಬ ಉತ್ತರ ಬರುತ್ತದೆ, ದುಡ್ಡು ಬರುವುದಿಲ್ಲ. ಕೇಳಬೇಕಾದ್ದು ತಾರೀಕು.

ಸಬ್ಜೆಕ್ಟಿನಲ್ಲೇ ಬಿಲ್ ನಂಬರ್ 112, ಮೊತ್ತ 48,000 ರೂಪಾಯಿ, ಗಡುವು ಜೂನ್ 5 ಎಂದು ಹಾಕಿಸಿದೆ. ಒಳಗೆ ಎರಡೇ ವಾಕ್ಯ: "ಇನ್‌ವಾಯ್ಸ್ 112 ವಾಸ್ ಡ್ಯೂ ಆನ್ 5 ಜೂನ್. ಕುಡ್ ಯು ಟೆಲ್ ಅಸ್ ವೆನ್ ಇಟ್ ವಿಲ್ ಬಿ ಪೇಯ್ಡ್?" ಬಿಲ್ಲಿನ ಪ್ರತಿಯನ್ನೂ ಬ್ಯಾಂಕ್ ವಿವರವನ್ನೂ ಜೊತೆಗೇ ಲಗತ್ತಿಸಬೇಕು, ಇಲ್ಲವಾದರೆ "ಬಿಲ್ಲೇ ಸಿಕ್ಕಿಲ್ಲ" ಎಂಬ ಹಳೇ ರಾಗದಲ್ಲಿ ಇನ್ನೊಂದು ವಾರ ಹೋಗುತ್ತದೆ.

ನೋಂದಾಯಿತ ಸಣ್ಣ ಉದ್ಯಮಕ್ಕೆ 45 ದಿನ ಮೀರಿ ಬಾಕಿ ಉಳಿಸಿದರೆ ಚಕ್ರಬಡ್ಡಿ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆ ಅಸ್ತ್ರ ಮೊದಲ ಮೇಲಿಗೆ ಬೇಡ, ಮುಂದಿನದಕ್ಕೆ ಇರಲಿ ಎಂದೆ.

ಶ್ರೀಧರಣ್ಣ ಎರಡು ವಾಕ್ಯಗಳನ್ನೇ ಮತ್ತೆ ಮತ್ತೆ ನೋಡಿದರು. "ಕೊನೇಲಿ 'ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಷನ್' ಆದ್ರೂ ಇರ್ಲಿ ಸಾರ್. ತೀರಾ ಬೋಳು ಬೋಳಾಗಿ ಕಾಣತ್ತೆ."